ಮುಚ್ಚಿದ ಉಂಗುರಕ್ಕೆ ಐವತ್ತನಾಲ್ಕು ವರ್ಷ

ವರ್ತೂರು ಕೋಡಿಯಿಂದ ಗುಂಜೂರಿನ ಕಡೆಗೆ ನಡೆದರೆ ರಸ್ತೆಯ ಪಕ್ಕದಲ್ಲಿ ಎರಡು ಕಂಬಗಳ ನಡುವೆ ಕೂತಿರುವ ಟ್ರಾನ್ಸ್‌ಫಾರ್ಮರ್‌ಗಳು ಸಾಲಾಗಿ ಕಾಣುತ್ತವೆ. ನಮ್ಮ ಕಡೆ ಅದಕ್ಕೆ ಯಾರೂ ಅಷ್ಟುದ್ದದ ಹೆಸರು ಹೇಳುವುದಿಲ್ಲ, ‘ಟಿಸಿ’ ಅಷ್ಟೆ. ಕರೆಂಟು ಹೋದರೆ ಮೊದಲು ಬರುವ ಸುದ್ದಿ ‘ಟಿಸಿ ಹೋಗಿದೆಯಂತೆ’ ಅನ್ನುವುದೇ. ಅದರ ತೊಟ್ಟಿಗೆ ಒಂದು ತಗಡು ಬಡಿದಿರುತ್ತಾರೆ. ಧೂಳು ಒರೆಸಿ ಓದಿದರೆ 250 ಕೆವಿಎ, 11000/433 ವೋಲ್ಟ್, ಇಂಪೀಡೆನ್ಸ್ ಶೇ. 4.5 ಎಂದು ಕಾಣುತ್ತದೆ. ಇಷ್ಟನ್ನು ಒಂದೇ ತಗಡಿನ ಮೇಲೆ ಧೈರ್ಯವಾಗಿ ಕೊರೆಯುವ ತಿಳಿವಳಿಕೆ ಬರಲು ಮನುಷ್ಯರಿಗೆ 1831ರಿಂದ 1890ರ ದಶಕದವರೆಗೆ ಹಿಡಿಯಿತು. ವಿಚಿತ್ರವೆಂದರೆ ಮೊದಲ ದಿನವೇ ಸರಿಯಾದ ಆಕಾರ ಕೈಗೆ ಸಿಕ್ಕಿತ್ತು.

ಆ ದಿನ 1831ರ ಆಗಸ್ಟ್ 29. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ ಮೆದು ಕಬ್ಬಿಣದ ಒಂದು ಉಂಗುರವನ್ನು ಮೇಜಿನ ಮೇಲಿಟ್ಟಿದ್ದ. ಹೊರ ಅಗಲ ಆರು ಇಂಚು, ಕಬ್ಬಿಣದ ದಪ್ಪ ಇಂಚಿಗೆ ಸ್ವಲ್ಪ ಕಡಿಮೆ. ಒಂದು ಬದಿಗೆ ತಾಮ್ರದ ತಂತಿ ಸುತ್ತಿದ್ದ, ಎದುರು ಬದಿಗೆ ಇನ್ನೊಂದು. ಆಗ ಇನ್ಸುಲೇಷನ್ ಹಾಕಿದ ತಂತಿ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಸುತ್ತು ಸುತ್ತಿನ ನಡುವೆ ದಾರ, ಪದರ ಪದರದ ನಡುವೆ ಬಟ್ಟೆ ಇಟ್ಟು ಕೈಯಲ್ಲೇ ಕಟ್ಟಿದ್ದ. ಎರಡನೇ ಸುರುಳಿಯ ತಂತಿಯನ್ನು ದೂರಕ್ಕೆ ಒಯ್ದು ಒಂದು ಕಾಂತಸೂಜಿಯ ಮೇಲೆ ಹಾಯಿಸಿದ್ದ. ಮೊದಲ ಸುರುಳಿಗೆ ಬ್ಯಾಟರಿ ಜೋಡಿಸಿದ ಕೂಡಲೇ ಸೂಜಿ ತಟ್ಟನೆ ಅಲುಗಿ, ತೂಗಾಡಿ, ಮತ್ತೆ ತನ್ನ ಜಾಗಕ್ಕೆ ಬಂದು ನಿಂತಿತು. ಬ್ಯಾಟರಿ ಜೋಡಿಸಿಯೇ ಇದ್ದಾಗ ಏನೂ ಆಗಲಿಲ್ಲ. ತೆಗೆದಾಗ ಸೂಜಿ ಮತ್ತೆ ಅಲುಗಿತು.

ಫ್ಯಾರಡೆ ಬಯಸಿದ್ದು ಬೇರೆ. ಒಂದು ಸುರುಳಿಯಲ್ಲಿ ವಿದ್ಯುತ್ ಹರಿಯುತ್ತಿದ್ದರೆ ಇನ್ನೊಂದರಲ್ಲೂ ಹರಿಯುತ್ತಲೇ ಇರಬೇಕು ಎಂಬ ನಿರೀಕ್ಷೆ ಅವನ ಕಾಲದವರದು. ಸಿಕ್ಕಿದ್ದು ಕ್ಷಣದ ಮಿಸುಕಾಟ. ಕಬ್ಬಿಣದಲ್ಲಿ ಕಾಂತಬಲ ಇರುವುದರಿಂದ ಪ್ರಯೋಜನವಿಲ್ಲ, ಅದು ಏರಬೇಕು ಅಥವಾ ಇಳಿಯಬೇಕು. ಈ ಏರಿಳಿಯುವ ಕಾಂತಬಲದ ಮೊತ್ತಕ್ಕೆ ಇಂದು ನಾವು ಫ್ಲಕ್ಸ್ ಅನ್ನುತ್ತೇವೆ. ಸುರುಳಿಯ ಒಂದೊಂದು ಸುತ್ತಿನಲ್ಲಿ ಹುಟ್ಟುವ ವೋಲ್ಟೇಜ್ ಫ್ಲಕ್ಸ್ ಬದಲಾಗುವ ವೇಗಕ್ಕೆ ಸಮ. ಸುತ್ತುಗಳು ಹೆಚ್ಚಾದಷ್ಟೂ ವೋಲ್ಟೇಜ್ ಹೆಚ್ಚು. ಟ್ರಾನ್ಸ್‌ಫಾರ್ಮರಿನ ತತ್ವ ಅಷ್ಟೇ, ಅದು ಆ ಉಂಗುರದಲ್ಲಿ ಪೂರ್ತಿ ಇತ್ತು. ಇಲ್ಲದಿದ್ದದ್ದು ಎಡೆಬಿಡದೆ ದಿಕ್ಕು ಬದಲಿಸುವ ವಿದ್ಯುತ್, ಅಂದರೆ ಎಸಿ.

ಎಸಿ ಜನರೇಟರು ವ್ಯಾಪಾರಕ್ಕೆ ಬರುವವರೆಗಿನ ನಾಲ್ಕೈದು ದಶಕ ಈ ವಿದ್ಯೆ ಇಂಡಕ್ಷನ್ ಕಾಯಿಲ್‌ಗಳ ರೂಪದಲ್ಲಿ ಬೆಳೆಯಿತು. ಐರ್ಲೆಂಡಿನ ಮೇನೂತ್‌ನಲ್ಲಿ ಪಾಠ ಹೇಳುತ್ತಿದ್ದ ಪಾದ್ರಿ ನಿಕೊಲಸ್ ಕ್ಯಾಲನ್ 1836ರಲ್ಲಿ ಅಂಥದೊಂದನ್ನು ಕಟ್ಟಿದ. ಬ್ಯಾಟರಿಯ ಸಂಪರ್ಕವನ್ನು ಪಟಪಟನೆ ಕಡಿದು ಜೋಡಿಸಿ ಕಿಡಿ ಹಾರಿಸುವ ಯಂತ್ರ ಅದು. ಇಲ್ಲಿ ಉಂಗುರ ಬಿಟ್ಟುಹೋಗಿ ನೇರ ಸಲಾಕೆ ಬಂತು, ಮತ್ತು ಅದಕ್ಕೆ ಸರಿಯಾದ ಕಾರಣವೇ ಇತ್ತು. ಬ್ಯಾಟರಿಯ ವಿದ್ಯುತ್ತಿಗೆ ಒಂದೇ ದಿಕ್ಕು. ಮುಚ್ಚಿದ ಉಂಗುರದಲ್ಲಿ ಸಂಪರ್ಕ ಕಡಿದರೂ ಕಾಂತತ್ವ ಬಹುಪಾಲು ಒಳಗೇ ಉಳಿದುಬಿಡುತ್ತದೆ, ಫ್ಲಕ್ಸ್ ಇಳಿಯುವುದು ಸ್ವಲ್ಪವೇ. ತುದಿಗಳು ತೆರೆದ ಸಲಾಕೆಯಲ್ಲಿ ಅದು ಬೇಗ ಕುಸಿಯುತ್ತದೆ, ಕಿಡಿ ಚೆನ್ನಾಗಿ ಹಾರುತ್ತದೆ. ಹೀಗೆ ಕಿಡಿಗೆ ಸರಿಯಾಗಿದ್ದ ರೂಢಿ ದೀಪದ ಕಾಲಕ್ಕೂ ಮುಂದುವರಿಯಿತು. ಅದರ ಬೆಲೆ ತೆತ್ತವನು ಲೂಸಿಯೆನ್ ಗೊಲಾರ್.

ಫ್ರಾನ್ಸಿನ ಗೊಲಾರ್ ಮತ್ತು ಅವನ ಇಂಗ್ಲಿಷ್ ಪಾಲುದಾರ ಜಾನ್ ಗಿಬ್ಸ್ 1880ರ ದಶಕದ ಮೊದಲಲ್ಲಿ ‘ಸೆಕೆಂಡರಿ ಜನರೇಟರ್’ ಎಂಬ ಹೆಸರಿನಲ್ಲಿ ತಮ್ಮ ಯಂತ್ರವನ್ನು ಮಾರಲು ಹೊರಟರು. ದೂರದ ಒಂದು ಜನರೇಟರಿನಿಂದ ಹೆಚ್ಚು ವೋಲ್ಟೇಜಿನಲ್ಲಿ ಎಸಿ ಕಳಿಸಿ, ಬೇಕಾದ ಕಡೆ ತಗ್ಗಿಸಿ ದೀಪಕ್ಕೆ ಕೊಡುವ ಯೋಚನೆ. 1884ರಲ್ಲಿ ಇಟಲಿಯ ಟ್ಯೂರಿನ್ ವಸ್ತುಪ್ರದರ್ಶನದಲ್ಲಿ ಲಾಂಜೊ ಊರಿನವರೆಗೆ ತಂತಿ ಎಳೆದು ದೀಪ ಹಚ್ಚಿದರು, ಬಹುಮಾನವೂ ಬಂತು. ಯಂತ್ರ ಮಾತ್ರ ಕೈಕೊಡುತ್ತಿತ್ತು. ಕೋರ್ ತೆರೆದ ಸಲಾಕೆ. ಎರಡು ಸುರುಳಿಗೂ ಹೆಚ್ಚುಕಡಿಮೆ ಸಮಾನ ಸುತ್ತು. ಆದ್ದರಿಂದ ವೋಲ್ಟೇಜ್ ತಗ್ಗಿಸಲು ಅವರಿಗಿದ್ದ ದಾರಿ ಎಲ್ಲ ಪ್ರೈಮರಿಗಳನ್ನೂ ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಿ ಒಟ್ಟು ವೋಲ್ಟೇಜನ್ನು ಹಂಚುವುದು.

ಇದರಲ್ಲಿ ಕೆಡುವುದು ಎಲ್ಲಿ ಎಂದು ನಿಧಾನವಾಗಿ ನೋಡಬೇಕು. ಸೆಕೆಂಡರಿಯಲ್ಲಿ ದೀಪ ಉರಿಯುತ್ತಿದ್ದರೆ ಅಲ್ಲಿಯ ಕರೆಂಟು ಪ್ರೈಮರಿಯ ಕಾಂತಬಲವನ್ನು ಎದುರಿಸುತ್ತದೆ. ತಕ್ಕಡಿಯ ಎರಡು ತಟ್ಟೆಗಳಂತೆ ಈ ಕಡೆಯ ಆಂಪಿಯರ್–ಸುತ್ತು ಆ ಕಡೆಯದಕ್ಕೆ ಸಾಟಿಯಾಗಿ ನಿಲ್ಲುತ್ತದೆ, ಅಲ್ಪಸ್ವಲ್ಪ ಮಿಕ್ಕಿದ್ದು ಕಬ್ಬಿಣದಲ್ಲಿ ಫ್ಲಕ್ಸ್ ಹುಟ್ಟಿಸುತ್ತದೆ. ಈಗ ಒಂದು ಮನೆಯವರು ದೀಪ ಆರಿಸಿದರು ಅನ್ನಿ. ಎದುರು ತಟ್ಟೆ ಖಾಲಿ. ಆದರೆ ಸರಣಿಯಲ್ಲಿರುವ ಪ್ರೈಮರಿಯ ಕರೆಂಟು ಆ ಮನೆಯ ಕೈಯಲ್ಲಿಲ್ಲ, ಉಳಿದ ಮನೆಗಳಿಗಾಗಿ ಅದು ಹರಿಯಲೇಬೇಕು. ಅಷ್ಟೂ ಕರೆಂಟು ಕಬ್ಬಿಣವನ್ನು ಕಾಂತವಾಗಿಸಲು ತಿರುಗುತ್ತದೆ, ಫ್ಲಕ್ಸ್ ಏರುತ್ತದೆ, ಆ ಪೆಟ್ಟಿಗೆ ತನ್ನ ಪಾಲಿಗಿಂತ ಹೆಚ್ಚು ವೋಲ್ಟೇಜ್ ನುಂಗುತ್ತದೆ, ಉಳಿದವರ ದೀಪ ಮಂಕಾಗುತ್ತದೆ. ಗೊಲಾರ್ ಇದಕ್ಕೆ ಕೋರ್ ಅನ್ನು ಕೈಯಿಂದ ಹೊರಗೆಳೆದು ಒಳಗೆ ತಳ್ಳುವ ಏರ್ಪಾಡು ಮಾಡಿದ್ದ. ರೋಗಕ್ಕಲ್ಲ, ಲಕ್ಷಣಕ್ಕೆ ಮದ್ದು.

ಟ್ಯೂರಿನ್ನಿಗೆ ಬಂದವರಲ್ಲಿ ಬುಡಾಪೆಸ್ಟಿನ ಗಾಂಜ್ ಕಾರ್ಖಾನೆಯ ಓಟೊ ಬ್ಲಾತಿ ಕೂಡ ಇದ್ದ. ಕೋರ್ ಯಾಕೆ ಮುಚ್ಚಿಲ್ಲ ಎಂದು ಅವನು ಕೇಳಿದ, ಅದು ಅಪಾಯ, ದುಬಾರಿ ಕೂಡ ಎಂಬ ಉತ್ತರ ಬಂತು ಎಂಬ ಮಾತು ಎಂಜಿನಿಯರುಗಳ ನಡುವೆ ಉಳಿದಿದೆ. ಊರಿಗೆ ಮರಳಿದ ಬ್ಲಾತಿ, ಕಾರೊಯ್ ಜಿಪರ್ನೊವ್‌ಸ್ಕಿ ಮತ್ತು ಮಿಕ್ಷಾ ದೇರಿ ಸೇರಿ 1885ರಲ್ಲಿ ಎರಡು ಬದಲಾವಣೆಗೆ ಪೇಟೆಂಟ್ ಪಡೆದರು. ಕಬ್ಬಿಣದ ದಾರಿಯನ್ನು ಸುತ್ತು ಮುಚ್ಚುವುದು ಒಂದು. ಎಲ್ಲ ಪ್ರೈಮರಿಗಳನ್ನೂ ಒಂದೇ ವೋಲ್ಟೇಜಿನ ಎರಡು ತಂತಿಗಳಿಗೆ ಸಮಾಂತರವಾಗಿ ಕಟ್ಟಿ, ತಗ್ಗಿಸುವ ಕೆಲಸವನ್ನು ಸುತ್ತುಗಳ ಅನುಪಾತಕ್ಕೆ ಬಿಡುವುದು ಇನ್ನೊಂದು. ‘ಟ್ರಾನ್ಸ್‌ಫಾರ್ಮರ್’ ಎಂದು ಕರೆದವರೂ ಅವರೇ. ಅದೇ ವರ್ಷ ಬುಡಾಪೆಸ್ಟಿನ ರಾಷ್ಟ್ರೀಯ ಪ್ರದರ್ಶನದಲ್ಲಿ ಸಾವಿರಕ್ಕೂ ಹೆಚ್ಚು ದೀಪ ಹತ್ತಿದವು. ಫ್ಯಾರಡೆಯ ಉಂಗುರ ಐವತ್ತನಾಲ್ಕು ವರ್ಷದ ಮೇಲೆ ಮತ್ತೆ ಮೇಜಿಗೆ ಬಂತು. ಗೊಲಾರ್‌ನ ಪೇಟೆಂಟ್ ಇಂಗ್ಲೆಂಡಿನ ಕೋರ್ಟುಗಳಲ್ಲಿ ಬಿದ್ದುಹೋಯಿತು. 1888ರಲ್ಲಿ ಪ್ಯಾರಿಸ್ಸಿನ ಮಾನಸಿಕ ಆಸ್ಪತ್ರೆಯಲ್ಲಿ ಅವನು ತೀರಿಕೊಂಡ. ದೂರದೂರಿಗೆ ಎಸಿ ಒಯ್ಯಬಹುದೆಂದು ತೋರಿಸಿದವನು ಅವನೇ ಎಂಬುದನ್ನು ಮರೆಯುವುದು ನ್ಯಾಯವಲ್ಲ.

ಆ ಮೂವರು ಕಂಡುಕೊಂಡದ್ದರ ತಿರುಳು ಆಕಾರಕ್ಕಿಂತ ಆಳದ್ದು. ಪ್ರೈಮರಿಯನ್ನು ಸ್ಥಿರ ವೋಲ್ಟೇಜಿಗೆ ಕಟ್ಟಿದರೆ ಕಬ್ಬಿಣದ ಫ್ಲಕ್ಸ್ ಎಷ್ಟಿರಬೇಕು ಎಂಬುದನ್ನು ವೋಲ್ಟೇಜ್ ತೀರ್ಮಾನಿಸುತ್ತದೆ, ಲೋಡ್ ಅಲ್ಲ. ಇದನ್ನು ಸಂಕ್ಷೇಪವಾಗಿ ಹೀಗೆ ಬರೆಯುತ್ತಾರೆ:

V = 4.44 f N Φ

ಇಲ್ಲಿ f ಸೆಕೆಂಡಿಗೆ ಎಷ್ಟು ಆವರ್ತನ ಎಂಬುದು, N ಸುತ್ತು, Φ ಫ್ಲಕ್ಸಿನ ಗರಿಷ್ಠ ಬೆಲೆ. ಸಮೀಕರಣದಲ್ಲಿ ಕರೆಂಟು ಎಲ್ಲಿಯೂ ಇಲ್ಲ. ಸೆಕೆಂಡರಿಯಲ್ಲಿ ಲೋಡ್ ಬಂದರೆ ಫ್ಲಕ್ಸ್ ಕುಗ್ಗಲು ನೋಡುತ್ತದೆ. ಕುಗ್ಗಿದರೆ ಪ್ರೈಮರಿಯಲ್ಲಿ ಎದುರು ವೋಲ್ಟೇಜ್ ಕಡಿಮೆಯಾಗಿ ಲೈನಿನಿಂದ ಹೆಚ್ಚು ಕರೆಂಟು ನುಗ್ಗುತ್ತದೆ, ಫ್ಲಕ್ಸ್ ಮತ್ತೆ ಹಳೆಯ ಮಟ್ಟಕ್ಕೆ ಬರುತ್ತದೆ. ಯಾರೂ ಸಲಾಕೆ ಎಳೆಯಬೇಕಿಲ್ಲ.

ನಂಬಿಕೆ ಬರದಿದ್ದರೆ ಬೆಳಗಿನ ಜಾವ ಮೂರು ಗಂಟೆಗೆ ನಮ್ಮ ಟಿಸಿಯ ಕೆಳಗೆ, ಬೇಲಿಯ ಹೊರಗೆ, ಒಂದು ನಿಮಿಷ ನಿಲ್ಲಿ. ಅಪಾರ್ಟ್‌ಮೆಂಟುಗಳೆಲ್ಲ ಮಲಗಿರುತ್ತವೆ, ಲೋಡ್ ಸಂಜೆಯ ಕಾಲು ಭಾಗವೂ ಇರುವುದಿಲ್ಲ. ಆದರೂ ಅದರ ಗುಂಯ್ ಸದ್ದು ನಿಲ್ಲುವುದಿಲ್ಲ. ಫ್ಲಕ್ಸ್ ಬಂದಾಗಲೆಲ್ಲ ಕೋರಿನ ತಗಡು ಕೂದಲೆಳೆಗಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತದೆ. ಯಾವ ದಿಕ್ಕಿನ ಫ್ಲಕ್ಸಾದರೂ ಒಂದೇ, ಹಾಗಾಗಿ 50 ಹರ್ಟ್ಸ್‌ಗೆ ಸದ್ದು 100 ಹರ್ಟ್ಸ್. ವೋಲ್ಟೇಜ್ ಇರುವವರೆಗೆ ಫ್ಲಕ್ಸ್ ಇದೆ, ಫ್ಲಕ್ಸ್ ಇರುವವರೆಗೆ ಸದ್ದು.

ಈಗ ತಗಡಿನ ಲೆಕ್ಕಕ್ಕೆ ಬರೋಣ. 11000ವನ್ನು 433ರಿಂದ ಭಾಗಿಸಿದರೆ 25.4 ಬರುತ್ತದೆ. ಸುತ್ತುಗಳ ಅನುಪಾತ ಅದೇ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಕಳೆದುಕೊಂಡ ಹುಡುಗರು ಪ್ರತಿ ವರ್ಷ ಸಿಗುತ್ತಾರೆ. ಎಚ್‌ಟಿ ಕಡೆ ಮೂರು ಸುರುಳಿಗಳನ್ನು ಡೆಲ್ಟಾದಲ್ಲಿ ಕಟ್ಟಿರುವುದರಿಂದ ಒಂದೊಂದರ ಮೇಲೂ ಪೂರ್ತಿ 11,000 ವೋಲ್ಟ್. ಎಲ್‌ಟಿ ಕಡೆ ಸ್ಟಾರ್ ಜೋಡಣೆ, ಒಂದೊಂದು ಸುರುಳಿಗೆ 433ನ್ನು 1.732ರಿಂದ ಭಾಗಿಸಿದಷ್ಟು, ಅಂದರೆ 250 ವೋಲ್ಟ್. ನಿಜವಾದ ಅನುಪಾತ 44. ಎಲ್‌ಟಿಗೆ 35 ಸುತ್ತು ಹಾಕಿದರೆ ಎಚ್‌ಟಿಗೆ 1,540 ಬೇಕು. ಎರಡರಲ್ಲೂ ಒಂದು ಸುತ್ತಿಗೆ 7.14 ವೋಲ್ಟ್. ಮೇಲಿನ ಸಮೀಕರಣದಲ್ಲಿ ಇಟ್ಟರೆ ಫ್ಲಕ್ಸ್ 0.032 ವೆಬರ್. ಒಳ್ಳೆಯ ಸಿಲಿಕಾನ್ ಉಕ್ಕಿನ ತಗಡು 1.6 ಟೆಸ್ಲಾವರೆಗೆ ನಿರಾಳವಾಗಿ ಹೊರುತ್ತದೆ, ಹಾಗಾಗಿ ಕೋರಿನ ಅಡ್ಡಕೊಯ್ತ ಸುಮಾರು 200 ಚದರ ಸೆಂಟಿಮೀಟರ್. ಅಂಗೈಯನ್ನು ಪೂರ್ತಿ ಬಿಡಿಸಿದಷ್ಟು ಜಾಗದ ಕಬ್ಬಿಣದ ಮೂಲಕ ಒಂದು ಬೀದಿಯ ವಿದ್ಯುತ್ತೆಲ್ಲ ದಾಟುತ್ತದೆ. ಪೂರ್ಣ ಲೋಡಿನಲ್ಲಿ ಎಲ್‌ಟಿ ಸುರುಳಿಯಲ್ಲಿ 333 ಆಂಪಿಯರ್, ಎಚ್‌ಟಿ ಸುರುಳಿಯಲ್ಲಿ ಅದರ 44ನೇ ಒಂದು ಭಾಗ, 7.6 ಆಂಪಿಯರ್. ಇವು ವಿನ್ಯಾಸಕಾರರು ಆರಿಸಬಹುದಾದ ಸಂಖ್ಯೆಗಳು. ಕಾರ್ಖಾನೆಯಿಂದ ಕಾರ್ಖಾನೆಗೆ ಸುತ್ತು ಸ್ವಲ್ಪ ಬದಲಾಗಬಹುದು, 44 ಬದಲಾಗದು.

ಒಂದೇ ಕೋರಿನ ಮೂರು ಕಾಲುಗಳ ಮೇಲೆ ಮೂರು ಫೇಸ್ ಸುತ್ತುವ ಉಪಾಯ ಜರ್ಮನಿಯ ಎಇಜಿ ಕಂಪನಿಯ ಮಿಖಾಯಿಲ್ ದೊಲಿವೊ-ದೊಬ್ರೊವೊಲ್‌ಸ್ಕಿಯದು. 1891ರಲ್ಲಿ ಲೌಫೆನ್‌ನಿಂದ ಫ್ರಾಂಕ್‌ಫರ್ಟಿಗೆ 175 ಕಿಲೋಮೀಟರ್ ಮೂರು ಫೇಸ್ ವಿದ್ಯುತ್ ಒಯ್ದವರಲ್ಲಿ ಅವನೂ ಒಬ್ಬ. ಅದೇ ಎಇಜಿಯ ಸಹಯೋಗದಲ್ಲಿ ಮುಂದೆ ನಮ್ಮ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಟ್ರಾನ್ಸ್‌ಫಾರ್ಮರ್ ಮಾಡಿತು. ಮೈಸೂರು ರಸ್ತೆಯ ಸರ್ಕಾರಿ ಎಲೆಕ್ಟ್ರಿಕ್ ಫ್ಯಾಕ್ಟರಿ, ಇಂದಿನ ಕವಿಕಾ, 1930ರ ದಶಕದಷ್ಟು ಹಿಂದಿನದು.

ಮೈಸೂರು ಸಂಸ್ಥಾನ ಈ ಕತೆಯೊಳಗೆ ಬಂದದ್ದು ಫ್ರಾಂಕ್‌ಫರ್ಟ್ ಆದ ಹನ್ನೊಂದೇ ವರ್ಷಕ್ಕೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಹೊರಟ ಕೆಲಸ, ಎಂಜಿನಿಯರ್ ಡಿ ಲೊಟ್ಬಿನಿಯರ್ ಮುಂದೆ ನಿಂತು ಮಾಡಿಸಿದರು. 1902ರ ಜೂನ್ 30ರಂದು ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 147 ಕಿಲೋಮೀಟರ್ ದೂರ ವಿದ್ಯುತ್ ಹರಿಯಿತು. ಜನರೇಟರಿನ ವೋಲ್ಟೇಜ್ ಸುಮಾರು 2,200, ಲೈನಿನದು 35,000. ಮೂರು ಸಾವಿರ ಕಿಲೋವಾಟ್ ಕಳಿಸಬೇಕೆಂದು ಇಟ್ಟುಕೊಳ್ಳಿ. ಏರಿಸದೆ ಕಳಿಸಿದರೆ ತಂತಿಯಲ್ಲಿ 787 ಆಂಪಿಯರ್, ಏರಿಸಿದರೆ 50ಕ್ಕೂ ಕಡಿಮೆ. ಕರೆಂಟು ಹದಿನಾರನೇ ಒಂದು ಭಾಗವಾದರೆ ಅದೇ ತಂತಿಯ ನಷ್ಟ ಇನ್ನೂರೈವತ್ತನೇ ಒಂದು ಭಾಗ. ಟ್ರಾನ್ಸ್‌ಫಾರ್ಮರ್ ಇಲ್ಲದೆ ಆ ಲೈನು ಕಾಗದದ ಮೇಲೂ ನಿಲ್ಲುತ್ತಿರಲಿಲ್ಲ. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿ ದೀಪ ಹತ್ತಿದ್ದೂ ಅದೇ ನೀರಿನಿಂದ.

ಅಂದಿನ ಶಿವನಸಮುದ್ರದ ಆವರ್ತನ 25 ಹರ್ಟ್ಸ್, ಇಂದಿನ ಅರ್ಧ. ಸಮೀಕರಣವನ್ನು ಮತ್ತೊಮ್ಮೆ ನೋಡಿ. f ಅರ್ಧವಾದರೆ, ವೋಲ್ಟೇಜ್ ಮತ್ತು ಸುತ್ತು ಹಾಗೆಯೇ ಇದ್ದರೆ, ಫ್ಲಕ್ಸ್ ಎರಡರಷ್ಟಾಗಬೇಕು. ವರ್ತೂರಿನ ಟಿಸಿಯನ್ನು ಆ ಲೈನಿಗೆ 11,000 ವೋಲ್ಟಿನಲ್ಲಿ ಕಟ್ಟಿದ್ದರೆ ಕೋರು 3.2 ಟೆಸ್ಲಾ ಹೊರಬೇಕಿತ್ತು. ಉಕ್ಕು ಎರಡರ ಹತ್ತಿರವೇ ಕೈಚೆಲ್ಲುತ್ತದೆ, ಅದಕ್ಕೆ ಸ್ಯಾಚುರೇಷನ್ ಅನ್ನುತ್ತಾರೆ. ಆಮೇಲೆ ಕಾಂತವಾಗಿಸಲು ಬೇಕಾದ ಕರೆಂಟು ಮೇರೆ ಮೀರಿ, ಒಂದು ಬಲ್ಬೂ ಉರಿಯದಿದ್ದರೂ ಸುರುಳಿ ಸುಡುತ್ತದೆ. 25 ಹರ್ಟ್ಸ್ ಕಾಲದ ಟ್ರಾನ್ಸ್‌ಫಾರ್ಮರುಗಳು ಅಷ್ಟು ದಪ್ಪಗಿದ್ದದ್ದು ಇದಕ್ಕೇ.

ಶಿವನಸಮುದ್ರಕ್ಕೆ ವಿದ್ಯುತ್ ಯಂತ್ರ ಕೊಟ್ಟ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಆಗ ಚಾರ್ಲ್ಸ್ ಸ್ಟೈನ್‌ಮೆಟ್ಜ್ ಇದ್ದ. ಕಬ್ಬಿಣದಲ್ಲಿ ಫ್ಲಕ್ಸ್ ಹಿಂದುಮುಂದಾಗುವಾಗ ಎಷ್ಟು ಶಕ್ತಿ ಕಾವಾಗಿ ಹೋಗುತ್ತದೆ ಎಂಬುದರ ನಿಯಮವನ್ನು ಅವನು 1892ರ ಹೊತ್ತಿಗೆ ಕೊಟ್ಟಿದ್ದ. ಮರುವರ್ಷ ಶಿಕಾಗೋದ ಸಮ್ಮೇಳನದಲ್ಲಿ ಎಸಿ ಲೆಕ್ಕವನ್ನು ಸಂಕೀರ್ಣ ಸಂಖ್ಯೆಗಳಲ್ಲಿ ಮಾಡುವ ದಾರಿ ತೋರಿಸಿದ. ಟ್ರಾನ್ಸ್‌ಫಾರ್ಮರ್ ಆದರ್ಶವಾಗಿ ನಡೆಯದ ಎಲ್ಲ ಕಾರಣಗಳನ್ನೂ ನಾಲ್ಕು ಬಿಡಿಭಾಗಗಳ ಚಿತ್ರವಾಗಿ ಬರೆಯುವ ಸಮಾನ ಮಂಡಲ ಆ ಕಾಲದ ಫಲ. ಸುರುಳಿಯ ತಾಮ್ರ ಅಥವಾ ಅಲ್ಯೂಮಿನಿಯಂ ತಂತಿಯ ರೋಧ ಒಂದು. ಒಂದು ಸುರುಳಿಯಲ್ಲಿ ಹುಟ್ಟಿ ಇನ್ನೊಂದನ್ನು ಮುಟ್ಟದೆ ಎಣ್ಣೆಯಲ್ಲಿ ಸುತ್ತಿ ಹೋಗುವ ಸೋರಿಕೆ ಫ್ಲಕ್ಸಿನ ರಿಯಾಕ್ಟೆನ್ಸ್ ಇನ್ನೊಂದು. ಇವೆರಡೂ ಲೋಡಿನ ದಾರಿಯಲ್ಲೇ ಕೂತಿವೆ. ಕೋರಿನ ಕಾವನ್ನು ಸೂಚಿಸುವ ರೋಧ, ಕಾಂತವಾಗಿಸುವ ಕರೆಂಟಿನ ರಿಯಾಕ್ಟೆನ್ಸ್, ಈ ಎರಡು ಲೈನಿಗೆ ಅಡ್ಡಲಾಗಿ ಹಗಲೂ ರಾತ್ರಿ ಕೂತಿವೆ.

ಈ ಚಿತ್ರದ ಸೊಗಸು ಇರುವುದು ಟ್ರಾನ್ಸ್‌ಫಾರ್ಮರನ್ನು ಬಿಚ್ಚದೆ ಬೆಲೆಗಳನ್ನು ಅಳೆಯಬಹುದು ಎಂಬುದರಲ್ಲಿ. ಎಚ್‌ಟಿಯನ್ನು ತೆರೆದಿಟ್ಟು ಎಲ್‌ಟಿಗೆ 433 ವೋಲ್ಟ್ ಕೊಟ್ಟರೆ ವಾಟ್‌ಮೀಟರ್ ತೋರುವುದು ಕೋರಿನ ನಷ್ಟ, ನಮ್ಮ ಗಾತ್ರಕ್ಕೆ 400 ವಾಟ್ ಎಂದು ಇಟ್ಟುಕೊಳ್ಳೋಣ. ಆಮೇಲೆ ಎಲ್‌ಟಿ ತುದಿಗಳನ್ನು ದಪ್ಪ ತಾಮ್ರದ ಪಟ್ಟಿಯಿಂದ ಶಾರ್ಟ್ ಮಾಡಿ ಎಚ್‌ಟಿಯ ವೋಲ್ಟೇಜನ್ನು ಸೊನ್ನೆಯಿಂದ ಮೆಲ್ಲಗೆ ಏರಿಸುತ್ತಾರೆ. 495 ವೋಲ್ಟಿಗೇ ಪೂರ್ಣ ಕರೆಂಟು ಹರಿಯುತ್ತದೆ. ಅದು 11,000ದ ಶೇ. 4.5, ತಗಡಿನ ಇಂಪೀಡೆನ್ಸ್ ಅಂದರೆ ಇದೇ. ಅಷ್ಟು ಕಡಿಮೆ ವೋಲ್ಟೇಜಿನಲ್ಲಿ ಕೋರಿನ ಫ್ಲಕ್ಸ್ ನಗಣ್ಯ, ಹಾಗಾಗಿ ಈಗ ಕಾಣುವ ವಾಟ್ ಎಲ್ಲ ಸುರುಳಿಯ ನಷ್ಟ. 2,600 ವಾಟ್ ಬಂದರೆ ರೋಧದ ಪಾಲು ಶೇ. 1.04, ಉಳಿದದ್ದು ಸೋರಿಕೆಯದು, ಶೇ. 4.38.

ತಂತಿ ಸುಟ್ಟ ಟಿಸಿಯನ್ನು ರಿಪೇರಿ ಮಾಡಿ ತಂದಾಗ ಈ ಮೊದಲ ಪರೀಕ್ಷೆಯನ್ನು ಬಿಡಬಾರದು. 1,540 ಸುತ್ತಿನಲ್ಲಿ ಒಂದು ಸುತ್ತು ಪಕ್ಕದ ಸುತ್ತಿಗೆ ತಗುಲಿದ್ದರೆ ಅನುಪಾತದಲ್ಲಿ ಬರುವ ವ್ಯತ್ಯಾಸ ಶೇ. 0.065. ಅನುಪಾತಕ್ಕೆ ಅನುಮತಿಸುವ ಸಡಿಲವೇ ಶೇ. 0.5, ಅಂಕಿ ನೋಡಿ ಪಾಸು ಮಾಡಿಬಿಡುತ್ತಾರೆ. ಆದರೆ ತಗುಲಿದ ಆ ಒಂದು ಸುತ್ತು ತಾನೇ ಶಾರ್ಟ್ ಆದ ಸೆಕೆಂಡರಿಯಾಗಿ ಕೆಲಸ ಮಾಡುತ್ತದೆ, ಲೋಡಿಲ್ಲದಾಗಿನ ಕರೆಂಟು ಮತ್ತು ನಷ್ಟ ಎದ್ದು ಕಾಣುವಷ್ಟು ಏರುತ್ತವೆ.

ಶೇ. 4.5 ಇನ್ನೊಂದು ಮಾತನ್ನೂ ಹೇಳುತ್ತದೆ. ಟಿಸಿಯ ಬುಡದಲ್ಲೇ ಎಲ್‌ಟಿ ಶಾರ್ಟ್ ಆದರೆ ಕರೆಂಟು ಪೂರ್ಣ ಲೋಡಿನ 22 ಪಟ್ಟು, ಸುಮಾರು 7,400 ಆಂಪಿಯರ್. ಸುರುಳಿಗಳ ನಡುವಿನ ತಳ್ಳಾಟ ಕರೆಂಟಿನ ವರ್ಗದಂತೆ ಏರುವುದರಿಂದ ಅದು ಐನೂರು ಪಟ್ಟಿನ ಹತ್ತಿರ. ಸುರುಳಿ ಇದನ್ನು ತಡೆಯುತ್ತದೆಯೇ ಎಂದು ನಿಜವಾಗಿ ಶಾರ್ಟ್ ಮಾಡಿ ನೋಡುವ ಪ್ರಯೋಗಾಲಯ ಬೆಂಗಳೂರಿನ ಸಿಪಿಆರ್‌ಐನಲ್ಲೇ ಇದೆ. ಸುಟ್ಟ ಫ್ಯೂಸಿನ ಜಾಗಕ್ಕೆ ಕೈಗೆ ಸಿಕ್ಕ ದಪ್ಪ ತಂತಿ ಕಟ್ಟುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಕೊನೆಗೆ ಆ 433. ಮನೆಗೆ ಬೇಕಾದ್ದು 240 ವೋಲ್ಟ್, ಮೂರು ಫೇಸಿಗೆ 415. ತಗಡಿನಲ್ಲಿ 433 ಯಾಕೆ? ಅದು ಲೋಡಿಲ್ಲದಾಗಿನ ವೋಲ್ಟೇಜ್. ಪೂರ್ಣ ಲೋಡು, 0.85 ಪವರ್ ಫ್ಯಾಕ್ಟರಿನಲ್ಲಿ ಸಮಾನ ಮಂಡಲದ ರೋಧ ಮತ್ತು ಸೋರಿಕೆ ಸೇರಿ ಶೇ. 3.2 ನುಂಗುತ್ತವೆ. 250ರಲ್ಲಿ 8 ವೋಲ್ಟ್ ಹೋಗಿ 242 ಉಳಿಯುತ್ತದೆ. ಅಲ್ಲಿಂದ ಮುಂದಿನದು ಬೀದಿಯ ತಂತಿಯ ಪಾಲು. ಹಳೆಯ ಭಾರತೀಯ ವಿದ್ಯುತ್ ನಿಯಮಗಳು ಮನೆಯ ಮಟ್ಟದಲ್ಲಿ ಮೇಲೆ ಕೆಳಗೆ ಶೇ. 6 ಒಪ್ಪುತ್ತಿದ್ದವು, ಅಂದರೆ ಕೆಳಗೆ ಸುಮಾರು 225ರವರೆಗೆ. ಸಂಜೆ ಏಳು ಗಂಟೆಗೆ ನಿಮ್ಮ ಮನೆಯ ಪ್ಲಗ್ಗಿನಲ್ಲಿ ಮಲ್ಟಿಮೀಟರ್ ಇದಕ್ಕಿಂತ ಕೆಳಗೆ ತೋರಿಸಿದರೆ, ಬೆಳಗಿನ ಜಾವ ಮತ್ತೆ ಸರಿಯಾದರೆ, ಕೆಟ್ಟಿರುವುದು ನಿಮ್ಮ ವೈರಿಂಗ್ ಆಗಿರುವ ಸಾಧ್ಯತೆ ಕಡಿಮೆ, ಟಿಸಿ ಅಥವಾ ಲೈನಿನ ಮೇಲೆ ಲೋಡು ಹೆಚ್ಚಿದೆ. ಎರಡೂ ಹೊತ್ತಿನ ಅಂಕಿಯನ್ನು ಬರೆದಿಟ್ಟುಕೊಂಡು 1912ಕ್ಕೆ ಫೋನ್ ಮಾಡಿ. ‘ಕರೆಂಟು ಡಿಮ್ಮು’ ಅನ್ನುವುದಕ್ಕಿಂತ ಆ ಎರಡು ಅಂಕಿ ಎಂಜಿನಿಯರಿಗೆ ಹೆಚ್ಚು ಕೆಲಸಕ್ಕೆ ಬರುತ್ತವೆ.